ಗೆರೆ ಎಳೆದ ಮಾತ್ರಕ್ಕೆ ಕಾರಣ ಹೇಳಿದಂತಾಯಿತೇ?

ಇದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಭಾಷೆಯ ಬಗ್ಗೆ ಬರೆಯುವ ಗೆಳೆಯರ ನಡುವೆ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಉಚ್ಚಾರ ಬದಲಾಗೋದೆಲ್ಲ ನಾಲಿಗೆಯ ಸೋಮಾರಿತನ ಕಣ್ರೀ". ಈ ಮಾತು ಕೇಳಿದಾಗೆಲ್ಲ ಮೈ ಉರಿಯುತ್ತದೆ. ಇನ್ನೊಂದು ಕಡೆ, ಭಾಷಾವಿಜ್ಞಾನ ಓದಿದವರ ಹತ್ತಿರ ಹೋದರೆ ಅವರು ಬೋರ್ಡಿನ ಮೇಲೆ ಎರಡು ಸಾಲು ಬರೆದು, ನಡುವೆ ಗೆರೆ ಎಳೆದು, "ನೋಡಿ, ಗೆರೆಯನ್ನು ಗೆರೆ ದಾಟೋ ಹಾಗಿಲ್ಲ, ಅದಕ್ಕೇ ನಿಂತಿತು" ಅಂತ ಕೈ ಒರೆಸಿಕೊಳ್ಳುತ್ತಾರೆ. ಎಂ.ಎ. ತರಗತಿಯಲ್ಲಿ ನಮ್ಮ ಮೇಷ್ಟ್ರು ಹಾಗೇ ಹೇಳಿದರು. "ಸಾರ್, ಆ ಗೆರೆ ಅಲ್ಲಿ ಯಾಕಿದೆ?" ಅಂತ ಕೇಳಿದೆ. "ಹರಡುವುದು ಅಲ್ಲಿ ನಿಲ್ಲುತ್ತದಲ್ಲ, ಅದಕ್ಕೆ" ಅಂದರು. ಯಾಕೆ ನಿಲ್ಲುತ್ತದೆ? ಗೆರೆ ಇದೆ. ಗೆರೆ ಯಾಕಿದೆ? ನಿಲ್ಲುತ್ತದೆ. ಇಂಟರ್ನಲ್ಸ್‌ನಲ್ಲಿ ಇದನ್ನೇ ಬರೆದು ಎರಡು ಮಾರ್ಕು ಕಳೆದುಕೊಂಡೆ. ಆ ಎರಡು ಮಾರ್ಕಿನ ಸಿಟ್ಟೇ ಈ ಬರಹ ಅಂತ ಬೇಕಾದರೂ ಅಂದುಕೊಳ್ಳಿ :-)

ವಿಷಯ ಇಷ್ಟು. ಕೆಲವು ಭಾಷೆಗಳಲ್ಲಿ ಒಂದು ಕಡೆ ಮೂಗಿನ ದನಿ ಬಂದರೆ ಅದು ಅಲ್ಲೇ ನಿಲ್ಲುವುದಿಲ್ಲ. ಪಕ್ಕದ ಸ್ವರಕ್ಕೆ, ಅದರ ಪಕ್ಕದ ಸ್ವರಕ್ಕೆ, ಹಾಗೇ ಪದದುದ್ದಕ್ಕೂ ಹರಡುತ್ತಾ ಹೋಗುತ್ತದೆ. ದಾರಿಯಲ್ಲಿ ಕೆಲವು ವ್ಯಂಜನಗಳು ಅದನ್ನು ಬಿಡುತ್ತವೆ, ಕೆಲವು ತಡೆಯುತ್ತವೆ. ತಡೆಯುವವರು ಯಾರು, ಯಾಕೆ ತಡೆಯುತ್ತಾರೆ? ನನ್ನ ವಾದ ಏನೆಂದರೆ, ಸೋಮಾರಿ ನಾಲಿಗೆಯ ಕತೆ ಸುಳ್ಳು. ಗೆರೆಯ ಚಿತ್ರ ಸುಳ್ಳಲ್ಲ, ಆದರೆ ಅದರಿಂದ ಆಗದ ಕೆಲಸವನ್ನೂ ಅದರ ಹೆಸರಿಗೆ ಬರೆಯುತ್ತಿದ್ದೇವೆ.

ಮೊದಲು ಬರೆಯುವ ಕ್ರಮ

ಅನುನಾಸಿಕ ಸ್ವರ ತೋರಿಸಲು ನಾನು ಚಂದ್ರಬಿಂದು ಬಳಸುತ್ತೇನೆ: ಅಁ. ಕನ್ನಡ ಯೂನಿಕೋಡಿಗೆ ಈ ಗುರುತು ಬಂದದ್ದು 2014ರ 7.0 ಆವೃತ್ತಿಯಲ್ಲಿ. ನಿಮ್ಮ ಪರದೆಯಲ್ಲಿ ಡಬ್ಬಿ ಕಂಡರೆ ಫಾಂಟ್ ಬದಲಿಸಿ ನೋಡಿ, ನನ್ನನ್ನು ಬೈಯಬೇಡಿ. ಗಂಟಲಲ್ಲಿ ಗಾಳಿಯನ್ನು ಗಕ್ಕನೆ ತಡೆಯುವ ಸದ್ದಿಗೆ ’ ಅಂತ ಹಾಕಿದ್ದೇನೆ. ಅಷ್ಟು ಸಾಕು.

ಬಾಯಿಯ ಮೇಲ್ಭಾಗದ ಹಿಂದಿನ ಮೆತ್ತನೆಯ ಭಾಗ, ಅಂದರೆ ಕಿರುನಾಲಿಗೆ ನೇತಾಡುವ ಆ ಮೃದು ತಾಲು, ಒಂದು ಬಾಗಿಲಿದ್ದ ಹಾಗೆ. ಅದು ಇಳಿದರೆ ಮೂಗಿನ ದಾರಿ ತೆರೆಯುತ್ತದೆ, ಏರಿದರೆ ಮುಚ್ಚುತ್ತದೆ. ನಾವು ಕನ್ನಡದಲ್ಲಿ "ನಾನು" ಅಂದಾಗಲೂ ನಡುವಿನ ಆ-ಕಾರಕ್ಕೆ ಮೂಗಿನ ಬಣ್ಣ ಸ್ವಲ್ಪ ತಗುಲುತ್ತದೆ. ಆದರೆ ನಮ್ಮ ಕಿವಿ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಸೋಮಾರಿತನದ ವಾದ ಹುಟ್ಟುವುದು ಇಲ್ಲೇ. ಬಾಗಿಲು ಹಾಕುವುದು ತಡವಾಯಿತು, ಮೂಗು ಸೋರಿತು, ಅಷ್ಟೇ ತಾನೇ ಅಂತ.

ಅಷ್ಟೇ ಅಲ್ಲ. ಅದನ್ನು ತೋರಿಸಲು ಪಶ್ಚಿಮ ಜಾವಾಕ್ಕೆ ಹೋಗೋಣ.

ಸುಂದಾ ಭಾಷೆಯ ಸಾಕ್ಷಿ

ಪಶ್ಚಿಮ ಜಾವಾದಲ್ಲಿ ಆಡುವ ಸುಂದಾ ಭಾಷೆಯಲ್ಲಿ ಸ್ವರಗಳು ಮೂಗಿಗೇರುವ ಬಗ್ಗೆ ಆರ್. ಎಚ್. ರಾಬಿನ್ಸ್ 1957ರಲ್ಲಿ ಒಂದು ಲೇಖನ ಬರೆದರು. ಅಲ್ಲಿನ ನಿಯಮ ಸರಳ. ಮ, ನ, ಞ, ಙ ಇವುಗಳಲ್ಲೊಂದು ಬಂದರೆ ಅದರ ಮುಂದಿನ ಸ್ವರಗಳೆಲ್ಲ ಅನುನಾಸಿಕ. "ಹೇಗೆ" ಅನ್ನುವುದಕ್ಕೆ ಕುಮಁಹಁ. ನೋಡಿ, ಮ-ಕಾರಕ್ಕೆ ಮುಂಚಿನ ಉ ಮುಗ್ಧ. ನಂತರದ ಎರಡೂ ಸ್ವರ ಮೂಗಿನವು, ನಡುವಿನ ಹ-ಕಾರ ತಡೆಯಲಿಲ್ಲ. "ಪ್ರೀತಿಸು" ಅನ್ನುವುದಕ್ಕೆ ಮಿಁ’ಅಁಸಿಹ್. ಇಲ್ಲಿ ಗಂಟಲ ತಡೆಯನ್ನು ದಾಟಿತು, ಸ-ಕಾರದ ಹತ್ತಿರ ನಿಂತಿತು. "ಅಣಿಗೊಳಿಸು" ಅನ್ನುವುದಕ್ಕೆ ಙಁತುರ್, ತ-ಕಾರದಲ್ಲಿ ನಿಂತಿತು. "ಬಿಟ್ಟ ಕಣ್ಣು ಬಿಟ್ಟಂತೆ ನೋಡು" ಅನ್ನುವುದಕ್ಕೆ ಮೊಁಲೊಹೊಕ್, ಲ-ಕಾರದಲ್ಲಿ ನಿಂತಿತು. "ಚೆಲ್ಲು" ಅನ್ನುವ ಮಁವುರ್‌ನಲ್ಲಿ ವ-ಕಾರವೂ ತಡೆಯಿತು. "ಜರಡಿ ಹಿಡಿ" ಅನ್ನುವ ಙಁಯಕ್‌ನಲ್ಲಿ ಯ-ಕಾರವೂ ತಡೆಯಿತು.

ಇದು ಬರೀ ಸೋರಿಕೆಯೋ, ಅಥವಾ ಭಾಷೆಯ ನಿಯಮವೋ? ಇದನ್ನು ಅಳೆದು ನೋಡಬಹುದು. ಮೂಗಿನಿಂದ ಹೊರಬರುವ ಗಾಳಿಯನ್ನೂ ಬಾಯಿಂದ ಬರುವ ಗಾಳಿಯನ್ನೂ ಬೇರೆ ಬೇರೆ ಹಿಡಿಯುವ ಮುಖವಾಡ ಹಾಕಿ ಮಾತಾಡಿಸುತ್ತಾರೆ. ಅಬಿಗೇಲ್ ಕೋನ್ 1990ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಇಂಗ್ಲಿಷ್, ಫ್ರೆಂಚ್, ಸುಂದಾ ಮೂರನ್ನೂ ಹೀಗೆ ಹೋಲಿಸಿದರು. ಮೂಗಿನ ವ್ಯಂಜನದ ಪಕ್ಕದ ಇಂಗ್ಲಿಷ್ ಸ್ವರದಲ್ಲಿ ಮೂಗಿನ ಗಾಳಿಯ ಗೆರೆ ಇಳಿಜಾರಿನ ಹಾಗೆ ಸಾಗುತ್ತದೆ, ಅಂದರೆ ಬಾಗಿಲು ನಿಧಾನವಾಗಿ ಚಲಿಸುತ್ತಿದೆ. ಅದು ಸೋರಿಕೆ, ಒಪ್ಪಿದೆ. ಸುಂದಾದಲ್ಲಿ ಹಾಗಿಲ್ಲ. ಗಾಳಿ ಸ್ವರದ ಉದ್ದಕ್ಕೂ ಮಟ್ಟಸವಾಗಿ ನಿಲ್ಲುತ್ತದೆ. ಎರಡು ಸ್ವರ ಒಟ್ಟಿಗೆ ಬಂದರೆ ಎರಡರ ಉದ್ದಕ್ಕೂ ಹಾಗೇ. ಸೋಮಾರಿಯ ಬಾಗಿಲು ಹೀಗೆ ನಿಲ್ಲುವುದಿಲ್ಲ. ಯಾರೋ ಬೇಕೆಂದೇ ತೆರೆದಿಟ್ಟುಕೊಂಡ ಬಾಗಿಲು ಇದು.

ಇದೂ ಸಾಲದು ಅನ್ನುವವರಿಗೆ ಇನ್ನೊಂದು. "ಹುಡುಕು" ಅನ್ನುವುದಕ್ಕೆ ಞಿಁಅಁರ್. ಹುಡುಕುವವರು ಹಲವರಾದರೆ ಸುಂದಾದಲ್ಲಿ ಪದದ ಹೊಟ್ಟೆಯೊಳಗೇ ಬಹುವಚನದ "ಅಲ್" ಸೇರಿಸುತ್ತಾರೆ. ಆಗ ಞ ಆದಮೇಲೆ ಅಲ್, ಆಮೇಲೆ ಇಅರ್. ಲ-ಕಾರ ತಡೆಯುತ್ತದೆ ಅಂತ ಮೊಁಲೊಹೊಕ್‌ನಲ್ಲಿ ನೋಡಿದೆವಲ್ಲ? ಹಾಗಾದರೆ ಞಁಲಿಅರ್ ಆಗಬೇಕಿತ್ತು. ಆಗುವುದು ಞಁಲಿಁಅಁರ್! ಲ-ಕಾರದ ಆಚೆಗೂ ಸ್ವರಗಳು ಮೂಗಿನವೇ. ಏಕವಚನದ ಞಿಁಅಁರ್‌ನಲ್ಲಿ ಆ ಸ್ವರಗಳು ಮೂಗಿನವಾಗಿದ್ದವು, ಬಹುವಚನದಲ್ಲೂ ಆ ಗುಣ ಉಳಿಸಿಕೊಂಡವು. ನಾಲಿಗೆ ಸೋಮಾರಿಯಾಗಿದ್ದರೆ ಲ-ಕಾರ ಆದಮೇಲೆ ಮತ್ತೆ ಮೂಗಿನ ದಾರಿ ಹಿಡಿಯುವ ಉಸಾಬರಿ ಯಾಕೆ? ಬಾಯಿಗೆ ಇದರಿಂದ ಯಾವ ಲಾಭವೂ ಇಲ್ಲ. ಇದು ಪದದ ರಚನೆ ಗೊತ್ತಿರುವ ವ್ಯಾಕರಣದ ಕೆಲಸ. ಸೋಮಾರಿತನದ ವಾದ ಇಲ್ಲಿಗೆ ಮುಗಿಯಿತು ಅಂತ ನನ್ನ ಲೆಕ್ಕ.

ಗೆರೆಯ ಚಿತ್ರಕ್ಕೆ ಸಲ್ಲಬೇಕಾದ ಗೌರವ

ಈಗ ನಮ್ಮ ಮೇಷ್ಟ್ರ ಪಕ್ಷ. ಜಾನ್ ಗೋಲ್ಡ್‌ಸ್ಮಿತ್ 1976ರಲ್ಲಿ ಎಂ.ಐ.ಟಿ.ಯಲ್ಲಿ ಬರೆದ ಪ್ರಬಂಧದಿಂದ ಬಂದ ಪದ್ಧತಿ ಇದು, ಆಟೋಸೆಗ್ಮೆಂಟಲ್ ಅಂತ ಹೆಸರು. ಮುಖ್ಯವಾಗಿ ಆಫ್ರಿಕಾದ ಭಾಷೆಗಳ ಶ್ರುತಿ, ಅಂದರೆ ಪದದ ಏರಿಳಿತವನ್ನು ವಿವರಿಸಲು ಹುಟ್ಟಿದ್ದು. ಒಂದು ಗುಣವನ್ನು ಒಂದೊಂದು ಅಕ್ಷರದೊಳಗೂ ಬಚ್ಚಿಡುವ ಬದಲು ಅದಕ್ಕೇ ಪ್ರತ್ಯೇಕ ಸಾಲು ಕೊಡಿ ಅನ್ನುತ್ತದೆ. ಕೆಳಗಿನ ಸಾಲಿನಲ್ಲಿ ಸ್ವರ ವ್ಯಂಜನಗಳು, ಮೇಲಿನ ಸಾಲಿನಲ್ಲಿ "ಮೂಗು" ಅನ್ನುವ ಗುಣ. ಎರಡನ್ನೂ ಸೇರಿಸುವ ಗೆರೆಗಳು. ಮೇಲಿನ ಒಂದೇ "ಮೂಗು" ಕೆಳಗಿನ ಹಲವರಿಗೆ ಗೆರೆ ಚಾಚಬಹುದು, ಹರಡುವುದು ಅಂದರೆ ಅದೇ. ಒಂದೇ ಷರತ್ತು: ಗೆರೆಗಳು ಒಂದನ್ನೊಂದು ಕತ್ತರಿಸಬಾರದು. (ನ್ಯಾಯವಾಗಿ ಹೇಳಬೇಕೆಂದರೆ, ಗುಣವೊಂದು ಹಲವು ಅಕ್ಷರಗಳ ಮೇಲೆ ಚಾಚಿಕೊಳ್ಳುತ್ತದೆ ಅನ್ನುವುದನ್ನು ಲಂಡನ್ನಿನ ಫರ್ತ್ 1948ರಲ್ಲೇ ಹೇಳಿದ್ದರು, ರಾಬಿನ್ಸ್ ಆ ಗರಡಿಯವರೇ. ಗೋಲ್ಡ್‌ಸ್ಮಿತ್ ಅದಕ್ಕೆ ಗಟ್ಟಿಯಾದ ನಿಯಮಗಳನ್ನು ಕೊಟ್ಟರು.)

ಇದು ಬರೀ ಚಂದದ ಚಿತ್ರವಲ್ಲ ಅಂತ ತೋರಿಸುವ ಭಾಷೆ ಬ್ರೆಜಿಲಿನ ಟೆರೇನಾ. ಮಾತೊ ಗ್ರೊಸೊ ದೊ ಸುಲ್ ಪ್ರಾಂತ್ಯದ ಮೂಲನಿವಾಸಿಗಳ ನುಡಿ. ಇದರ ಬಗ್ಗೆ ಬೆಂಡರ್-ಸ್ಯಾಮ್ಯುಯೆಲ್ 1960ರಲ್ಲಿ ಬರೆದರು. ಆ ಭಾಷೆಯಲ್ಲಿ "ಅವನ ಮಾತು" ಎಮೊ’ಉ. "ನನ್ನ ಮಾತು" ಎಁಮೊಁ’ಉಁ. "ಅವನ ಅಣ್ಣತಮ್ಮ" ಅಯೊ. "ನನ್ನ ಅಣ್ಣತಮ್ಮ" ಅಁಯೊಁ. ಗಮನಿಸಿ, "ನನ್ನ" ಅನ್ನುವುದಕ್ಕೆ ಯಾವ ಅಕ್ಷರವೂ ಇಲ್ಲ! ಪದವನ್ನು ಮೂಗಿನಲ್ಲಿ ಹೇಳಿದರೆ ಅದು ನನ್ನದು, ಬಾಯಲ್ಲಿ ಹೇಳಿದರೆ ಅವನದು. ನಮ್ಮಲ್ಲಿ "ನನ್ನ"ಕ್ಕೆ ಒಂದು ಪದ ಬೇಕು. ಅವರಿಗೆ ಒಂದು ಗುಣ ಸಾಕು.

ಅಕ್ಷರ ಅಕ್ಷರವಾಗಿ ಲೆಕ್ಕ ಹಾಕುವವರು ಈ "ನನ್ನ"ವನ್ನು ಎಲ್ಲಿ ಇಡುತ್ತಾರೆ? ಇಡಲು ಜಾಗವೇ ಇಲ್ಲ. ಗೆರೆಯ ಚಿತ್ರದಲ್ಲಿ ಜಾಗ ಇದೆ: ಮೇಲಿನ ಸಾಲಿನಲ್ಲಿ ಕೆಳಗೆ ಯಾರ ಆಸರೆಯೂ ಇಲ್ಲದೆ ತೇಲುತ್ತಿರುವ ಒಂದು "ಮೂಗು". ಅದು ಪದದ ಎಡತುದಿಗೆ ಬಂದು ಗೆರೆ ಹಾಕಿಕೊಂಡು ಬಲಕ್ಕೆ ಹರಡುತ್ತದೆ.

ಪೂರ್ತಿ ಒಂದು ಪದ ಮಾಡಿ ನೋಡೋಣ. "ಅವನ ಮನೆ" ಒವೊಕು. ಒಂದು ಕಾಗದ ತೆಗೆದುಕೊಂಡು ಕೆಳಗೆ ಒ, ವ್, ಒ, ಕ್, ಉ ಅಂತ ಐದು ಬರೆಯಿರಿ. ಮೇಲೆ ಎಡಗಡೆ "ಮೂಗು" ಅಂತ ಬರೆದು ಸುತ್ತಿಬಿಡಿ. ಮೊದಲ ಗೆರೆ ಒ-ಕಾರಕ್ಕೆ: ಒಁ. ಎರಡನೆಯದು ವ್-ಗೆ, ಅದೂ ಮೂಗಿನದಾಯಿತು. ಮೂರನೆಯದು ಎರಡನೇ ಒ-ಕಾರಕ್ಕೆ. ಈಗ ಎದುರಿಗೆ ಕ್. ಇಲ್ಲಿ ಹರಡುವುದು ನಿಲ್ಲುತ್ತದೆ, ಕೊನೆಯ ಉ ಬಾಯಿಯದೇ. ಆದರೆ ಕ್ ಸುಮ್ಮನೆ ಬಾಗಿಲು ಹಾಕಿಕೊಳ್ಳುವುದಿಲ್ಲ. "ನನ್ನ ಮನೆ" ಒಁವೊಁಙ್ಗು! ಕ್ ಹೋಗಿ ಙ್ಗ್ ಆಯಿತು, ಮೊದಲರ್ಧ ಮೂಗು, ಉಳಿದರ್ಧ ಬಾಯಿ. ಪದದ ಮೊದಲಲ್ಲೇ ಇಂಥ ವ್ಯಂಜನ ಇದ್ದರೆ ಹರಡಲು ಜಾಗವೇ ಇಲ್ಲ, ಅಲ್ಲೇ ಕೂರುತ್ತದೆ: ಪಿಹೊ "ಅವನು ಹೋದ", ಮ್ಬಿಹೊ "ನಾನು ಹೋದೆ".

ಇದಕ್ಕೆ ನಾನು ತಲೆಬಾಗುತ್ತೇನೆ. ಇಲ್ಲಿ ಕ್‌ಗೆ "ಬಾಯಿ" ಅನ್ನುವ ಸ್ವಂತ ಗೆರೆ ಇದೆ ಅಂದರೆ ಅದಕ್ಕೆ ಸಾಕ್ಷಿ ಕಿವಿಗೇ ಕೇಳುತ್ತದೆ. ಙ್ಗ್‌ನ ಎರಡನೇ ಅರ್ಧದಲ್ಲಿ ಆ "ಬಾಯಿ" ಕೂತಿದೆ. ಬಂದ "ಮೂಗು" ಮೊದಲರ್ಧ ಹಿಡಿಯಿತು, ಒಳಗಿದ್ದ "ಬಾಯಿ" ಉಳಿದರ್ಧ ಬಿಟ್ಟುಕೊಡಲಿಲ್ಲ. ಅದನ್ನು ದಾಟಿ ಉ-ಕಾರಕ್ಕೆ ಗೆರೆ ಎಳೆಯಲು ಹೋದರೆ ಗೆರೆಗೆ ಗೆರೆ ಕತ್ತರಿ. ಲೆಕ್ಕ ಸರಿಹೋಯಿತು.

ಲೆಕ್ಕ ತಪ್ಪುವುದು ಇಲ್ಲಿ

ಟೆರೇನಾದಲ್ಲಿ ಗೆದ್ದ ಹುಮ್ಮಸ್ಸಿನಲ್ಲಿ ಇದೇ ಚಿತ್ರವನ್ನು ಎಲ್ಲ ಕಡೆ ಅಂಟಿಸುತ್ತಾರೆ ನೋಡಿ, ನನ್ನ ಜಗಳ ಅಲ್ಲಿ.

ಪರಾಗ್ವೆಯ ಗ್ವಾರಾನಿ ತಗೊಳ್ಳಿ. ಗೋಲ್ಡ್‌ಸ್ಮಿತ್ ತಮ್ಮ ಪ್ರಬಂಧದಲ್ಲೇ ಇದನ್ನು ಚರ್ಚಿಸಿದ್ದಾರೆ. ಇಲ್ಲಿ ಒತ್ತು ಬೀಳುವ ಅನುನಾಸಿಕ ಸ್ವರದಿಂದ ಮೂಗು ಎಡಕ್ಕೆ ಹರಡುತ್ತದೆ. ದೇವರಿಗೆ ಅವರ ಹಳೆಯ ಹೆಸರು ತುಁಪಁ. ಕೊನೆಯ ಅಁ ಮೂಲ, ಅದರಿಂದ ಮೊದಲ ಉ-ಕಾರವೂ ಮೂಗಿನದಾಯಿತು. ನಡುವೆ ಯಾರಿದ್ದಾರೆ? ಪ! ಪ-ಕಾರ ಪ-ಕಾರವಾಗಿಯೇ ಉಳಿದಿದೆ, ಮ ಆಗಲಿಲ್ಲ, ಮ್ಬ ಆಗಲಿಲ್ಲ. ಆದರೂ ಮೂಗು ಅದರಾಚೆ ಹೋಯಿತು. ಇನ್ನೂ ಉದ್ದದ ಪದ ಬೇಕಾದರೆ, "ನಾನು ನಿನ್ನನ್ನು ಪ್ರೀತಿಸುವುದಿಲ್ಲ" ಅನ್ನುವುದು ನ್ಡೊರೊಹಯ್ಹುಇ. ಅದರಲ್ಲಿ ಮೂಗಿನ ಸ್ವರವೇ ಇಲ್ಲ. "ನಾನು ನಿನ್ನನ್ನು ಹೊಡೆಯುವುದಿಲ್ಲ" ಅನ್ನುವುದು ನೊಁರೊಁಇಁನುಁಪಁಇಁ. "ಹೊಡೆ"ಯ ಕೊನೆಯ ಅಁ-ಕಾರದಿಂದ ಇಡೀ ಪದಕ್ಕೆ ಮೂಗು ಹತ್ತಿ, ಮೊದಲಿನ ನ್ಡೊ ಕೂಡ ನೊಁ ಆಗಿಬಿಟ್ಟಿದೆ. ನಡುವಿನ ಪ-ಕಾರ ಮಾತ್ರ ಏನೂ ಆಗದವನಂತೆ ನಿಂತಿದೆ.

ಟೆರೇನಾದ ಪ, ಕಗಳಿಗೆ "ಬಾಯಿ" ಅನ್ನುವ ಗೆರೆ ಇತ್ತು, ಅದಕ್ಕೇ ತಡೆದವು. ಗ್ವಾರಾನಿಯ ಪ-ಕಾರಕ್ಕೂ ಆ ಗೆರೆ ಇದ್ದರೆ ತಡೆಯಬೇಕಿತ್ತು. ತಡೆಯಲಿಲ್ಲ. ಆಗ ಏನು ಮಾಡುತ್ತಾರೆ? "ಗ್ವಾರಾನಿಯ ಪ-ಕಾರಕ್ಕೆ ಮೂಗು ಬಾಯಿ ಎರಡೂ ಬರೆದಿಲ್ಲ, ಆ ಜಾಗ ಖಾಲಿ" ಅನ್ನುತ್ತಾರೆ. ಸುಂದಾದಲ್ಲಿ ವ ತಡೆಯಿತಾ? ಹಾಗಾದರೆ ಅದಕ್ಕೆ ಗೆರೆ ಇದೆ. ಟೆರೇನಾದ ವ ತಡೆಯಲಿಲ್ಲವಾ? ಹಾಗಾದರೆ ಖಾಲಿ. ತಡೆದವರಿಗೆಲ್ಲ ಗೆರೆ, ಬಿಟ್ಟವರಿಗೆಲ್ಲ ಖಾಲಿ. ಇದು ಮದುವೆ ಆದಮೇಲೆ ಜಾತಕ ಹೊಂದಿಸಿದ ಹಾಗೆ. ಹೊಂದದೆ ಇನ್ನೇನಾಗುತ್ತದೆ ಹೇಳಿ?

ನನ್ನ ಬೇಡಿಕೆ ಚಿಕ್ಕದು. ಒಂದು ಅಕ್ಷರಕ್ಕೆ "ಬಾಯಿ" ಅಂತ ಗೆರೆ ಹಾಕುವವರು, ಅದು ತಡೆಯಿತು ಅನ್ನುವುದನ್ನು ಬಿಟ್ಟು ಎರಡನೇ ಸಾಕ್ಷಿ ತರಬೇಕು. ಟೆರೇನಾದ ಙ್ಗ್‌ನಲ್ಲಿ ಆ ಸಾಕ್ಷಿ ಇದೆ. ಸುಂದಾದ ಯ-ಕಾರಕ್ಕೆ ಇದೆಯಾ? ಬಾಯಿಯ ಯ ಒಂದು, ಮೂಗಿನ ಯ ಒಂದು ಅಂತ ಎರಡಿದ್ದು ಅವುಗಳಿಂದ ಪದದ ಅರ್ಥ ಬೇರೆಯಾಗುತ್ತಿದ್ದರೆ ಗೆರೆ ಬೇಕೇ ಬೇಕು ಅಂತ ಒಪ್ಪುತ್ತಿದ್ದೆ. ಅಂಥ ಜೋಡಿ ಆ ಭಾಷೆಯಲ್ಲಿಲ್ಲ. ಅಲ್ಲಿ ಗೆರೆ ಹಾಕಿರುವುದು ತಡೆಯಿತು ಅಂತ ಮಾತ್ರ.

ಹಾಗಾದರೆ ಕಾರಣ ಎಲ್ಲಿದೆ?

ಅರ್ಧ ಕಾರಣ ಬಾಯಲ್ಲಿದೆ. ಸೋಮಾರಿತನದಲ್ಲಿ ಅಲ್ಲ, ಗಾಳಿಯ ಒತ್ತಡದಲ್ಲಿ. ನೀವೇ ಮಾಡಿ ನೋಡಿ, ಪಕ್ಕದಲ್ಲಿ ಯಾರೂ ಇಲ್ಲದಾಗ. ಮೂಗಿನ ದಾರಿ ತೆರೆದಿಟ್ಟುಕೊಂಡು "ಬಾ" ಅನ್ನಲು ಪ್ರಯತ್ನಿಸಿ. ಬಾಯಲ್ಲಿ ಗಾಳಿ ಕಟ್ಟುವುದೇ ಇಲ್ಲ, ಮೂಗಿನಿಂದ ಹೊರಟುಹೋಗುತ್ತದೆ, ಬರುವುದು "ಮಾ". ಪ, ತ, ಕಗಳ ಪ್ರಾಣ ಇರುವುದೇ ಬಾಯೊಳಗೆ ಕಟ್ಟಿಕೊಂಡ ಆ ಒತ್ತಡದಲ್ಲಿ. ಸ-ಕಾರಕ್ಕೂ ಹಾಗೇ, ಮೂಗು ಸೋರಿದರೆ ಸುಯ್ಯೆನ್ನುವ ಸದ್ದು ಸೊರಗುತ್ತದೆ. ರ, ಲಗಳಿಗೆ ಅಷ್ಟು ತೊಂದರೆಯಿಲ್ಲ. ಯ, ವಗಳಿಗೆ ಇನ್ನೂ ಕಡಿಮೆ. ಸ್ವರಗಳಿಗಂತೂ ತೊಂದರೆಯೇ ಇಲ್ಲ. ಇನ್ನು ಹ-ಕಾರ ಮತ್ತು ಗಂಟಲ ತಡೆ? ಅವು ಹುಟ್ಟುವುದೇ ಬಾಗಿಲಿಗಿಂತ ಕೆಳಗೆ, ಗಂಟಲಲ್ಲಿ. ಮೇಲೆ ಮೂಗು ತೆರೆದಿದ್ದರೂ ಮುಚ್ಚಿದ್ದರೂ ಅವುಗಳಿಗೆ ಸಂಬಂಧವಿಲ್ಲ. ಕುಮಁಹಁ, ಮಿಁ’ಅಁಸಿಹ್ ಪದಗಳಲ್ಲಿ ಅವು ದಾರಿ ಬಿಟ್ಟದ್ದು ಇದಕ್ಕೇ.

ಹೀಗೆ ಒಂದು ಮೆಟ್ಟಿಲ ಸಾಲು ಸಿಗುತ್ತದೆ: ಸ್ವರ, ನಂತರ ಯ-ವ, ನಂತರ ರ-ಲ, ನಂತರ ಸ-ಶದಂಥವು, ಕೊನೆಗೆ ಪ-ತ-ಕ. ರೇಚೆಲ್ ವಾಕರ್ 1998ರ ತಮ್ಮ ಪ್ರಬಂಧದಲ್ಲಿ ಹಲವಾರು ಭಾಷೆಗಳನ್ನು ಒಟ್ಟಿಗಿಟ್ಟು ತೋರಿಸಿದ್ದು ಇದನ್ನೇ. ಒಂದು ಭಾಷೆ ಯಾವ ಮೆಟ್ಟಿಲಲ್ಲಿ ಬೇಕಾದರೂ ಮೂಗನ್ನು ನಿಲ್ಲಿಸಬಹುದು. ಆದರೆ ಮೆಟ್ಟಿಲು ಹಾರುವ ಹಾಗಿಲ್ಲ. ರ-ಲಗಳನ್ನು ಮೂಗಿನದಾಗಿಸಿಕೊಂಡು ಯ-ವಗಳಲ್ಲಿ ನಿಲ್ಲುವ ಭಾಷೆ ಇರಬಾರದು. ಸುಂದಾ ಸ್ವರದ ಮೆಟ್ಟಿಲಲ್ಲೇ ನಿಂತಿತು. ಅದರ ನೆಂಟ, ಜೊಹೊರ್ ಕಡೆಯ ಮಲಯ, ಒಂದು ಮೆಟ್ಟಿಲು ಮುಂದೆ ಹೋಗುತ್ತದೆ. "ಉಸ್ತುವಾರಿ" ಅನ್ನುವುದಕ್ಕೆ ಪೆಙಁವಁಸನ್. ವ-ಕಾರ ದಾರಿ ಬಿಟ್ಟಿತು, ಸ-ಕಾರ ತಡೆಯಿತು. ತೆಂಗು ಅಡಿಕೆಗಳ ಹಿಂಗಾರಕ್ಕೆ ಮಁಯಁಙ್, ಯ-ಕಾರವೂ ದಾರಿ ಬಿಟ್ಟಿತು. ಸ್ಕಾಟ್ಲೆಂಡಿನ ಆಪಲ್‌ಕ್ರಾಸ್ ಊರಿನ ಗೇಲಿಕ್ಕಿನಲ್ಲಿ ಸ-ಕಾರದ ಬಳಗವೂ ಮೂಗಿನದಾಗುತ್ತದೆ, ನಿಲ್ಲುವುದು ಪ-ತ-ಕಗಳ ಹತ್ತಿರ.

ಇದು ವಿವರಣೆ. ಯಾಕೆಂದರೆ ಇದು ಸೋಲಬಹುದು. ನಾಳೆ ಯಾರಾದರೂ ಮೆಟ್ಟಿಲು ಹಾರುವ ಭಾಷೆಯನ್ನು ಹಿಡಿದು ತಂದರೆ ಈ ವಾದ ಬೀಳುತ್ತದೆ. "ತಡೆದವನಿಗೆ ಗೆರೆ ಇದೆ" ಅನ್ನುವುದನ್ನು ಯಾವ ಭಾಷೆ ತಂದೂ ಬೀಳಿಸಲಾಗದು. ವ್ಯತ್ಯಾಸ ಅದೇ.

ವಾಕರ್ ವಾದದಲ್ಲೂ ಒಂದು ಕಡೆ ನನಗೆ ಕಸಿವಿಸಿ ಇದೆ, ಮುಚ್ಚಿಡುವುದಿಲ್ಲ. ತುಁಪಁದ ಪ-ಕಾರವನ್ನು ಅವರು ವಿವರಿಸುವುದು ಹೀಗೆ: ವ್ಯಾಕರಣದ ಒಳಗೆ ಮೂಗು ಪ-ಕಾರವನ್ನೂ ಹತ್ತಿಕೊಂಡೇ ಹೋಗುತ್ತದೆ, ಆದರೆ ಮೂಗಿನ ಪ ಅನ್ನುವುದು ಬಾಯಿಗೆ ಬಾರದ್ದರಿಂದ ಹೊರಗೆ ಬರಿಯ ಪ ಬರುತ್ತದೆ. ಯಾರ ಕಿವಿಗೂ ಬೀಳದ ಮೂಗಿನ ಪ! ಇದಕ್ಕೂ ಎರಡನೇ ಸಾಕ್ಷಿ ಬೇಕಲ್ಲವೇ? ಅವರಿಗಿಂತ ಮೊದಲು ಪಿಗಟ್ 1992ರಲ್ಲಿ ಬೇರೆ ದಾರಿ ಹಿಡಿದಿದ್ದರು. ತಡೆಯುವ ಭಾಷೆಗಳು ಒಂದು ಜಾತಿ, ದಾರಿ ಬಿಡುವ ಭಾಷೆಗಳು ಇನ್ನೊಂದು ಜಾತಿ, ಎರಡರಲ್ಲೂ "ಮೂಗು" ನೇತಾಡುವ ಗೂಟವೇ ಬೇರೆ ಅಂದರು. ಗ್ವಾರಾನಿಯಂಥ ಭಾಷೆಗಳಲ್ಲಿ ಅದು ನಾದವುಳ್ಳ ಅಕ್ಷರಗಳಿಗೆ ಮಾತ್ರ ಇರುವ ಗೂಟ. ಪ-ಕಾರಕ್ಕೆ ಆ ಗೂಟವೇ ಇಲ್ಲದ್ದರಿಂದ ಗೆರೆ ಅದರ ತಲೆಯ ಮೇಲೆ ಹಾದುಹೋಗುತ್ತದೆ. ಇದು ಕಡೇ ಪಕ್ಷ ಪ, ತ, ಕ, ಸ ಎಲ್ಲದಕ್ಕೂ ಒಂದೇ ಮಾತು ಹೇಳುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಜಾತಕ ಬರೆಯುವುದಿಲ್ಲ. ಇಬ್ಬರಲ್ಲಿ ಯಾರು ಸರಿ ಅನ್ನುವುದು ಬೇರೆ ಜಗಳ. ಆದರೆ ಇಬ್ಬರೂ "ಗೆರೆ ಇದೆ, ನಿಂತಿತು" ಅಂತ ಕೈ ಒರೆಸಿಕೊಳ್ಳಲಿಲ್ಲ.

ಬಾಯಿಗೂ ಪೂರ್ತಿ ಅಂಕ ಇಲ್ಲ

"ಹಾಗಾದರೆ ಬಾಯಿಯೇ ಎಲ್ಲ, ಚಿತ್ರ ಬೇಡ" ಅನ್ನಲೂ ಆಗದು. ಮಲಯದವರ ಬಾಯಿಯೂ ಸುಂದಾದವರ ಬಾಯಿಯೂ ಒಂದೇ. ಆದರೆ ಒಬ್ಬರ ವ-ಕಾರ ಬಿಡುತ್ತದೆ, ಇನ್ನೊಬ್ಬರದು ತಡೆಯುತ್ತದೆ. ಮೆಟ್ಟಿಲುಗಳ ಕ್ರಮ ಬಾಯಿಯದು, ಎಲ್ಲಿ ನಿಲ್ಲಬೇಕು ಅನ್ನುವುದು ಭಾಷೆಯದು.

ಇದಕ್ಕಿಂತ ಸೊಗಸಾದ ಸಾಕ್ಷಿ ಒಂದಿದೆ, ಅದಕ್ಕಾಗಿ ಮತ್ತೆ ಞಿಁಅಁರ್‌ಗೆ ಬರಬೇಕು. ಇ ಆದಮೇಲೆ ಅ ಹೇಳುವಾಗ ನಡುವೆ ತಾನಾಗಿಯೇ ಒಂದು ಯ-ಕಾರ ನುಸುಳುತ್ತದೆ. ಇದು ನಮಗೆ ಹೊಸದಲ್ಲ. ಹುಲಿ + ಅನ್ನು = ಹುಲಿಯನ್ನು, ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಯಕಾರಾಗಮ. ಸುಂದಾದವರ ಬಾಯಲ್ಲೂ ಇದು ಞಿಁಯಁರ್ ಅನ್ನುವ ಹಾಗೇ ಕೇಳುತ್ತದೆ, ಆ ನುಸುಳಿದ ಯ ಮೂಗಿಗೆ ದಾರಿ ಬಿಡುತ್ತದೆ. ಆದರೆ "ಜರಡಿ ಹಿಡಿ" ಅನ್ನುವ ಙಁಯಕ್‌ನ ಯ-ಕಾರ ಪದದ ಸ್ವಂತದ್ದು, ಅದು ತಡೆಯುತ್ತದೆ! ಒಂದೇ ಭಾಷೆ, ಒಂದೇ ಬಾಯಿ, ಹೆಚ್ಚುಕಡಿಮೆ ಒಂದೇ ಸದ್ದು. ಒಂದು ಬಾಡಿಗೆಯ ಯ, ಒಂದು ಸ್ವಂತ ಮನೆಯ ಯ. ಬರೀ ಗಾಳಿಯ ಲೆಕ್ಕದಿಂದ ಇವೆರಡನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಇಲ್ಲಿ ಚಿತ್ರ ಬೇಕು. ಕೆಳಗಿನ ಸಾಲಿನಲ್ಲಿ ಙಁಯಕ್‌ನ ಯ-ಕಾರಕ್ಕೆ ಸ್ವಂತ ಜಾಗ ಇದೆ, ಞಿಁಅಁರ್‌ನ ಯ-ಕಾರಕ್ಕೆ ಜಾಗವೇ ಇಲ್ಲ, ಅದು ಎರಡು ಸ್ವರಗಳ ನಡುವಿನ ಜಾರುವಿಕೆ ಮಾತ್ರ. ಜಾಗವೇ ಇಲ್ಲದವನು ತಡೆಯುವುದೆಲ್ಲಿಂದ? ಮತ್ತೆ, ಈ ವ್ಯತ್ಯಾಸಕ್ಕೆ ಎರಡನೇ ಸಾಕ್ಷಿಯೂ ಇದೆ. ನುಸುಳುವ ಯ ಎಲ್ಲಿ ಬರುತ್ತದೆ ಅಂತ ಅಕ್ಕಪಕ್ಕದ ಸ್ವರ ನೋಡಿ ಮೊದಲೇ ಹೇಳಬಹುದು, ಸ್ವಂತ ಯ-ಕಾರವನ್ನು ಹಾಗೆ ಹೇಳಲಾಗದು.

ಅಂದರೆ ಚಿತ್ರ ಗೆಲ್ಲುವುದು ಯಾರಿಗೆ ಜಾಗ ಇದೆ, ಯಾವ ಗುಣ ಯಾರದು, ತೇಲುವ "ನನ್ನ" ಎಲ್ಲಿ ಕೂರುತ್ತದೆ ಅನ್ನುವಲ್ಲಿ. ಚಿತ್ರ ಸೋಲುವುದು, ಜಾಗ ಇರುವವರಲ್ಲಿ ಯಾರು ತಡೆಯುತ್ತಾರೆ ಅನ್ನುವುದನ್ನೂ ತಾನೇ ಹೇಳುತ್ತೇನೆ ಅಂತ ಹೊರಟಾಗ. ಆ ಕೆಲಸ ಗಾಳಿಯ ಮೆಟ್ಟಿಲಿನದು. ಅದಕ್ಕೆ ಅದರ ಪಾಲು ಬಿಟ್ಟುಕೊಟ್ಟರೆ ಚಿತ್ರದ ಮರ್ಯಾದೆಗೆ ಏನೂ ಕುಂದಿಲ್ಲ.

ಮೇಷ್ಟ್ರು ಈಗ ನಿವೃತ್ತರು. ಒಳ್ಳೆಯವರು, ಗೆರೆಯನ್ನಂತೂ ಬಹಳ ನೇರವಾಗಿ ಎಳೆಯುತ್ತಿದ್ದರು. ಇನ್ನೊಮ್ಮೆ ಸಿಕ್ಕರೆ ಙಁಯಕ್ ಮತ್ತು ಞಿಁಅಁರ್ ಎರಡನ್ನೂ ಪಕ್ಕಪಕ್ಕ ಬರೆದುಕೊಟ್ಟು, "ಸಾರ್, ಯಾವ ಯ-ಕಾರಕ್ಕೆ ಗೆರೆ ಹಾಕ್ತೀರಿ, ಯಾಕೆ?" ಅಂತ ಕೇಳಬೇಕು. ಎರಡು ಮಾರ್ಕು ವಾಪಸ್ ಕೊಡದಿದ್ದರೂ ಪರವಾಗಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಮೆಟ್ಟಿಲು ಹಾರುವ ಭಾಷೆ ಗೊತ್ತಿದ್ದರೆ ಕೆಳಗೆ ಬರೆಯಿರಿ. "ನಾಲಿಗೆ ಸೋಮಾರಿ" ಅನ್ನುವವರೂ ಬರಬಹುದು, ಆದರೆ ಬರುವಾಗ ಞಁಲಿಁಅಁರ್‌ಗೆ ಉತ್ತರ ಹಿಡಿದುಕೊಂಡೇ ಬನ್ನಿ.